ದಪ್ಪ ಕನ್ನಡಿಗೆ ಎರಡು ಚೌಕಟ್ಟು

ಅಂತೂ ಕಸೂತಿಯ ಕನ್ನಡಿ ಜೋಳಿಗೆಗೆ ಕಚ್ಚಿಕೊಂಡಿತು. ಉಗುರು ಹಾಕಿ ಎಬ್ಬಿಸಿದರೂ ಏಳುತ್ತಿಲ್ಲ, ಸುತ್ತಲ ದಾರದ ಅಂಚು ಬಳೆಯ ಹಾಗೆ ದುಂಡಗೆ ಕೂತಿದೆ. ಅತ್ತಿಗೆಗೆ ಕೊಡಬೇಕಾದ ಈ ಜೋಳಿಗೆ ದೀಪಾವಳಿಗೆ ಮುಗಿಯುತ್ತೋ ಇಲ್ಲವೋ ಅನ್ನೋದು ಬೇರೆ ಮಾತು. ಬಟ್ಟೆಗೆ ಗುರುತು ಹಾಕಿದ್ದು, ರಿಂಗಿಗೆ ಬಿಗಿದದ್ದು, ನಡುವಿನ ಚೈನ್ ಸ್ಟಿಚ್ಚಿನ ಬಳ್ಳಿ, ಇವೆಲ್ಲ ನಿಮಗೆ ಗೊತ್ತಿರುವುದೇ. ಇವತ್ತಿನ ವಿಷಯ ದಪ್ಪ ಕನ್ನಡಿ ಒಂದೇ.

ಆನ್‌ಲೈನಲ್ಲಿ ತರಿಸಿದ್ದು "15 ಮಿ.ಮೀ., ತೆಳು ಗಾಜು" ಅಂತ. ಬಂದದ್ದು ಹೆಚ್ಚುಕಮ್ಮಿ 2 ಮಿ.ಮೀ. ದಪ್ಪ, ಮೆಷಿನ್ನಿನಲ್ಲಿ ಕತ್ತರಿಸಿದ ಅಂಚು, ಅದೂ ಬೆರಳು ಕೊಯ್ಯುವಷ್ಟು ಚೂಪು. ವಾಪಸ್ ಕಳಿಸೋಣ ಅಂದರೆ ಒಡೆಯುವ ವಸ್ತು, ತಗೊಳ್ಳಲ್ಲ ಅಂದರು. ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ ಕೇಳಿದೆ. "ಈಗ ಎಲ್ಲರೂ ಇದನ್ನೇ ಒಯ್ಯೋದು ಮೇಡಂ" ಅಂತ ಬೆನ್ನಿಗೆ ಅಂಟು ಹಚ್ಚಿದ ಪ್ಲಾಸ್ಟಿಕ್ ತೋರಿಸಿದರು. ಅಂಟಿಸುವ ಹಾಗಿದ್ದರೆ ನನಗೆ ಸೂಜಿ ಯಾಕೆ ಬೇಕಿತ್ತು?

ಹಳೆಯ ಕೆಲಸಗಳಲ್ಲಿ ಕಾಣುವ ಕನ್ನಡಿಯ ಕಥೆಯೇ ಬೇರೆ. ಗುಜರಾತಿನ ಕಪಡ್ವಂಜ್ ಕಡೆ ಗಾಜನ್ನು ದೊಡ್ಡ ಗೋಳವಾಗಿ ಊದಿ, ಒಳಗೆ ರಸ ಹಿಡಿಸಿ, ಒಡೆದು, ಆ ಚೂರುಗಳನ್ನು ಕತ್ತರಿಯಲ್ಲಿ ದುಂಡಗೆ ಕತ್ತರಿಸುತ್ತಾರೆ. ಅದಕ್ಕೇ ಅದು ತೆಳು, ಹಗುರ, ಚೂರು ಉಬ್ಬು. ಕನ್ನಡಿಯನ್ನು ಬಟ್ಟೆಗೆ ಹಿಡಿಸುವ ನಮ್ಮ ನಾಲ್ಕು ದಾರದ ಚೌಕಟ್ಟು ಅಂಥ ಕನ್ನಡಿಗೆ ಹೇಳಿ ಮಾಡಿಸಿದ್ದು. ಅಂಚಿನಿಂದ ವ್ಯಾಸದ ಮೂರನೇ ಒಂದು ಭಾಗ ಒಳಗೆ ಎರಡು ದಾರ ಉದ್ದಕ್ಕೆ, ಎರಡು ಅಡ್ಡಕ್ಕೆ. ಅಡ್ಡದಾರ ಉದ್ದದ ದಾರವನ್ನು ದಾಟುವಲ್ಲೆಲ್ಲ ಒಂದು ಸುತ್ತು. ನಡುವೆ ಪುಟ್ಟ ಚೌಕ ಉಳಿಯುತ್ತದೆ. ಈ ಚೌಕಟ್ಟನ್ನು ಹಿಡಿದು ಸುತ್ತ ಹೊಲಿಗೆಯ ಅಂಚು ಕಟ್ಟುತ್ತ ಹೋದ ಹಾಗೆ ದಾರ ಹೊರಕ್ಕೆ ಸರಿದು ಆ ಚೌಕ ತಾನಾಗಿ ದುಂಡಗಾಗುತ್ತದೆ.

ದಪ್ಪ ಕನ್ನಡಿ ಇದಕ್ಕೆ ಒಪ್ಪಲಿಲ್ಲ. ಸಡಿಲ ಬಿಟ್ಟರೆ ಅಂಚು ದುಂಡಗಾಗುತ್ತದೆ, ಆದರೆ ಹೆಬ್ಬೆರಳಲ್ಲಿ ಒತ್ತಿದರೆ ಕನ್ನಡಿ ಒಂದು ಪಕ್ಕಕ್ಕೆ ಜಾರಿ ಇನ್ನೊಂದು ಪಕ್ಕದಲ್ಲಿ ಗಾಜಿನ ಅಂಚು ಇಣುಕುತ್ತದೆ. ಬಿಗಿ ಮಾಡಿದರೆ ಕನ್ನಡಿ ಅಲ್ಲಾಡದು, ಆದರೆ ನಡುವಿನ ಕಿಂಡಿ ಚೌಕವಾಗಿಯೇ ಉಳಿಯುತ್ತದೆ. ಅತ್ತಿಗೆ ನೋಡಿ, "ಏನೇ ಇದು, ಕಿಟಕಿ ಹೊಲಿದಿದ್ದೀಯಾ?" ಅಂದರು. ಮಳೆಗಾಲದಲ್ಲಿ ಕರೆಂಟೂ ಇಲ್ಲದ ಸಂಜೆ ಈ ಮಾತು ಕೇಳಿಸಿಕೊಳ್ಳೋದು ಸುಲಭವಲ್ಲ.

ಕಾರಣ ತಿಳಿದದ್ದು, ಜಾರಿ ಬಿದ್ದ ಒಂದು ಕನ್ನಡಿಯ ಖಾಲಿ ಚೌಕಟ್ಟನ್ನು ಸ್ಕೇಲಿನ ಪಕ್ಕ ಇಟ್ಟು ನೋಡಿದಾಗ. ಗಾಜು ದಪ್ಪ ಇದ್ದರೆ ದಾರ ಬಟ್ಟೆಯಿಂದ ಮೊದಲು ಗಾಜಿನ ಗೋಡೆ ಹತ್ತಬೇಕು, ಆಮೇಲೆ ಮೇಲೆ ಅಡ್ಡ ಹಾಯಬೇಕು. ಒಳಗೆ ದೂರ ಹಾಕಿದ ದಾರವನ್ನು ಅಂಚಿನ ತನಕ ಎಳೆದು ತರುವಷ್ಟರಲ್ಲಿ ಅದು ಸಡಿಲಾಗಿಬಿಡುತ್ತದೆ. ಅದಕ್ಕೆ ಅಂಚಿಗೆ ಹತ್ತಿರ, ಸುಮಾರು 3 ಮಿ.ಮೀ. ಒಳಗೆ, ಬಿಗಿಯಾಗಿ ಹಾಕಬೇಕು. ಆದರೆ ಹಾಗೆ ಹಾಕಿದ ಚೌಕದ ಬದಿ ಕನ್ನಡಿಯ ನಡುವಿನಿಂದ 4.5 ಮಿ.ಮೀ. ದೂರ, ಮೂಲೆಯೋ 6.4 ಮಿ.ಮೀ. ದೂರ. ಬಿಗಿ ದಾರ ಸರಿಯುವುದಿಲ್ಲವಾದ್ದರಿಂದ ಈ ವ್ಯತ್ಯಾಸ ಅಂಚು ಕಟ್ಟಿದ ಮೇಲೂ ಹಾಗೇ ಉಳಿಯುತ್ತದೆ. ಕಿಟಕಿ ಬಂದದ್ದು ಅಲ್ಲಿಂದ.

ಉಪಾಯ ಹೊಸದೇನಲ್ಲ. ದೊಡ್ಡ ಕನ್ನಡಿಗೆ ಮಾಡುವ ಹಾಗೆ ಮೊದಲ ಚೌಕಟ್ಟಿನ ಮೇಲೆ ಇನ್ನೊಂದನ್ನು ಓರೆಯಾಗಿ ಹಾಕುವುದು. ನಾನು ಅದನ್ನು ಬರೀ ಭದ್ರತೆಗೆ ಅಂದುಕೊಂಡು ಚಿಕ್ಕ ಕನ್ನಡಿಗೆ ಬಳಸಿರಲಿಲ್ಲ. ಎರಡನೆಯದನ್ನೂ ಅಷ್ಟೇ 3 ಮಿ.ಮೀ. ಒಳಗೆ, ಅಷ್ಟೇ ಬಿಗಿಯಾಗಿ ಹಾಕಿದರೆ ನಡುವೆ ಎಂಟು ಮೂಲೆಯ ಕಿಂಡಿಯಾಗುತ್ತದೆ. ಬದಿ 4.5 ಮಿ.ಮೀ.ನಲ್ಲೇ ಇರುತ್ತದೆ, ಮೂಲೆ ಮಾತ್ರ 4.9ಕ್ಕೆ ಇಳಿಯುತ್ತದೆ. ಉಳಿದ ಆ ಚೂರು ವ್ಯತ್ಯಾಸವನ್ನು ಅಂಚಿನ ದಾರದ ದಪ್ಪವೇ ನುಂಗಿಬಿಡುತ್ತದೆ. ಸಡಿಲ ಬಿಡದೆಯೇ ದುಂಡು ಬಂತು! ಚೌಕಟ್ಟಿನ ದಾರ ಬಟ್ಟೆಗೆ ಇಳಿಯುವ ಜಾಗವೂ ಕನ್ನಡಿಯ ಸುತ್ತ ಹದಿನಾರು ಕಡೆ ಹಂಚಿಹೋಗುವುದರಿಂದ ಯಾವ ಪಕ್ಕಕ್ಕೂ ಜಾರಲು ದಾರಿಯಿಲ್ಲ.

ಇನ್ನು ಅಂಚು. ಸೂಜಿಯನ್ನು ಕಿಂಡಿಯಿಂದ ಚೌಕಟ್ಟಿನ ಅಡಿಗೆ ತೂರಿಸಿ ಹೊರಕ್ಕೆ ತರುವಾಗ ಆ ಜಾಗದಲ್ಲಿರುವ ಎಲ್ಲ ದಾರವೂ ಸೂಜಿಯ ಮೇಲೆ ಇರಬೇಕು. ಮೇಲಿನ ಚೌಕಟ್ಟನ್ನಷ್ಟೇ ಹಿಡಿದರೆ ಕೆಳಗಿನದು ಕಿಂಡಿಯಲ್ಲಿ ಅಡ್ಡ ಕಾಣುತ್ತದೆ. ನಾನು ಸೂಜಿಯ ಕಣ್ಣನ್ನು ಮುಂದೆ ಮಾಡಿ ತೂರಿಸುತ್ತೇನೆ, ಮೊನೆ ಹೋದರೆ ಎಳೆ ಸೀಳುತ್ತದೆ. ಕಾಜಾ ಹೊಲಿಗೆಯ ಹಾಗೆ ಕುಣಿಕೆ ಹಿಡಿದು ಎಳೆಯುವಾಗ ದಾರವನ್ನು ಮೇಲಕ್ಕೆ ಎತ್ತಬಾರದು, ಬಟ್ಟೆಗೆ ಸಮನಾಗಿ ಹೊರಕ್ಕೆ ಎಳೆಯಬೇಕು. ಮೇಲಕ್ಕೆ ಎತ್ತಿದರೆ ಅಂಚು ಗಾಜಿನ ಮೇಲೆ ಗೋಪುರ ಕಟ್ಟಿಕೊಂಡು ನಿಲ್ಲುತ್ತದೆ. ಆಮೇಲೆ ಬಟ್ಟೆಯಲ್ಲಿ ಸಣ್ಣ ಹೊಲಿಗೆ, ಅದರಲ್ಲೂ ಕುಣಿಕೆ. ಇಲ್ಲಿ ಸೂಜಿ ಗಾಜಿನ ಪಕ್ಕದಲ್ಲೇ ನೆಟ್ಟಗೆ ಇಳಿಯಬೇಕು. ಕನ್ನಡಿಯ ಅಡಿಗೆ ಓರೆಯಾಗಿ ನುಗ್ಗಿದರೆ ಬಟ್ಟೆ ಸುಕ್ಕಾಗುತ್ತದೆ. ಹೊಲಿಗೆಗೆ 2 ಮಿ.ಮೀ. ಲೆಕ್ಕ ಹಿಡಿದರೆ ಈ ಅಳತೆಯ ಕನ್ನಡಿಯ ಸುತ್ತ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಬರುತ್ತವೆ. ಚೌಕಟ್ಟಿಗೆ ಎರಡೆಳೆ ಸಾಕು. ಅಂಚಿಗೆ ಮಾತ್ರ ನಾಲ್ಕೆಳೆ ಬೇಕು, ಮೂರೆಳೆಯಲ್ಲಿ ಗಾಜಿನ ಗೋಡೆ ಮುಚ್ಚುವುದಿಲ್ಲ.

ಚೂಪು ಅಂಚಿಗೂ ಒಂದು ಮಾತು. ಇಂಥ ಗಾಜು ಬಿಗಿ ದಾರವನ್ನು ನಿಧಾನವಾಗಿ ಕೊಯ್ಯುತ್ತದೆ, ಹೊಲಿದ ದಿನ ಗೊತ್ತಾಗಲ್ಲ. 400ರ ಸ್ಯಾಂಡ್ ಪೇಪರನ್ನು ನೀರಲ್ಲಿ ನೆನೆಸಿ ಅಂಚು ತಿಕ್ಕಿ, ಹತ್ತಿ ನೂಲನ್ನು ಅದರ ಮೇಲೆ ಎಳೆದು ನೋಡುತ್ತೇನೆ. ನೂಲಿಗೆ ಜುಂಗು ಎದ್ದರೆ ಇನ್ನೊಮ್ಮೆ ತಿಕ್ಕುವುದು. ಒಣದಾಗಿ ತಿಕ್ಕಬೇಡಿ, ಗಾಜಿನ ಪುಡಿ ಮೂಗಿಗೆ ಹೋಗುತ್ತದೆ. ಕನ್ನಡಿ ಜಾರದಿರಲಿ ಅಂತ ಅಡಿಗೆ ಒಂದು ತೊಟ್ಟು ಅಂಟು ಹಾಕುವವರಿದ್ದಾರೆ. ನಮ್ಮ ಮಳೆಗಾಲದಲ್ಲಿ ಅದು ಒಣಗುವುದಕ್ಕೆ ಕಾಯುತ್ತ ಕೂತರೆ ಶ್ರಾವಣ ಕಳೆಯುತ್ತದೆ. ಮೊದಲ ಚೌಕಟ್ಟು ಮುಗಿಯುವ ತನಕ ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಸಾಕು.

ಈ ಜೋಡಿ ಚೌಕಟ್ಟನ್ನು 10 ಮಿ.ಮೀ. ಕನ್ನಡಿಗೆ ಹಾಕಲು ಹೋಗಬೇಡಿ. ಎಂಟು ದಾರ, ಮೇಲೆ ಅಂಚು, ಎಲ್ಲ ಸೇರಿ ಕನ್ನಡಿ ಬಹುಪಾಲು ಮುಚ್ಚಿಹೋಗುತ್ತದೆ. ಅದಕ್ಕೆ ತೆಳು ಗಾಜನ್ನೇ ಹುಡುಕಬೇಕು.

ಹೊಲಿಯುತ್ತ ತಲೆಯಲ್ಲಿ ಇನ್ನೊಂದು ಕೂತಿದೆ. ಸಾಗರದ ಕಡೆ ದೀವರ ಮನೆಗಳ ಗೋಡೆಯ ಹಸೆ ಚಿತ್ತಾರ ನೋಡಿದ್ದೀರಲ್ಲ, ಕೆಮ್ಮಣ್ಣಿನ ಮೇಲೆ ಬಿಳಿ ಗೆರೆ. ಕೆಮ್ಮಣ್ಣು ಬಣ್ಣದ ಖಾದಿಯ ಮೇಲೆ ಆ ಗೆರೆಗಳನ್ನು ಬಿಳಿ ದಾರದಲ್ಲಿ ಎಳೆದು, ಗೆರೆ ಕೂಡುವಲ್ಲಿ ಚೌಕ ಕನ್ನಡಿ ಕೂರಿಸಿದರೆ ಹೇಗೆ? ಚೌಕ ಕನ್ನಡಿಗೆ ಚೌಕ ಕಿಂಡಿ, ಅತ್ತಿಗೆ ಏನೂ ಅನ್ನುವಂತಿಲ್ಲ. ಆದರೆ ಅಲ್ಲಿ ನಾಲ್ಕು ಮೂಲೆಯ ಮೇಲೂ ದಾರ ಓರೆಯಾಗಿ ಹಾಯಲೇಬೇಕು, ಇಲ್ಲದಿದ್ದರೆ ಮೂಲೆ ಹೊರಗೆ ಚಾಚುತ್ತದೆ. ದಿಂಬಿನ ಚೀಲದಿಂದ ಶುರು ಮಾಡುತ್ತೇನೆ, ಗೋಡೆಯಳತೆಯ ಪರದೆ ಆಮೇಲೆ ನೋಡೋಣ.

ಸದ್ಯಕ್ಕೆ ಜೋಳಿಗೆಯ ಬಾಯಿಯ ಸಾಲು ಅರ್ಧ ಆಗಿದೆ, ಕುಂಕುಮ ಬಣ್ಣದ ದಾರ ಮುಗಿದಿದೆ. ಅದೇ ನಂಬರಿನ ಲಡಿ ತಂದೆ, ಬಣ್ಣ ಒಂದು ಛಾಯೆ ಕಂದು. ಒಂದು ಬಿಟ್ಟು ಒಂದು ಕನ್ನಡಿಗೆ ಹಾಕಿ, ಬೇಕೆಂದೇ ಮಾಡಿದ್ದು ಅನ್ನುವುದೆಂದು ತೀರ್ಮಾನವಾಗಿದೆ.