ಒಂದೇ ಮಿತಿ, ಎರಡು ಕಾರ್ಡು, ಒಬ್ಬರ ಸಾಲ

ಮೇ ತಿಂಗಳ ಕೊನೆಯ ವಾರ ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪ ತೋಟಕ್ಕೆ ಔಷಧಿ ಹೊಡೆಯುವ ಪಂಪು ಕೊಳ್ಳಲೆಂದು ಶಿವಮೊಗ್ಗಕ್ಕೆ ಬಂದಿದ್ದರು. ಮಳೆ ಹಿಡಿಯುವ ಮೊದಲೇ ಅಡಿಕೆಗೆ ಬೋರ್ಡೋ ದ್ರಾವಣದ ಮೊದಲ ಸುತ್ತು ಮುಗಿಯದಿದ್ದರೆ ಕೊಳೆರೋಗಕ್ಕೆ ಬಾಗಿಲು ತೆರೆದಂತೆಯೇ ಆದ್ದರಿಂದ, ಆ ಖರೀದಿಯನ್ನು ಮುಂದೂಡುವಂತಿರಲಿಲ್ಲ. ಪಂಪಿನ ಬೆಲೆ ₹16,800. ಅಂಗಡಿಯವರು ಕ್ರೆಡಿಟ್ ಕಾರ್ಡನ್ನು ಯಂತ್ರಕ್ಕೆ ಹಾಕಿ, ಚಿಕ್ಕಪ್ಪ ಪಿನ್ ಒತ್ತಿದ ಮೇಲೆ, ಮಿತಿ ಸಾಲದು ಎಂಬ ಕಾರಣಕ್ಕೆ ವ್ಯವಹಾರ ತಿರಸ್ಕೃತವಾಯಿತು. ಚಿಕ್ಕಪ್ಪನ ಕಾರ್ಡಿನ ಮಿತಿ ₹1,50,000. ಆ ತಿಂಗಳು ಅವರು ಖರ್ಚು ಮಾಡಿದ್ದು ಹದಿನೈದು ಸಾವಿರದ ಒಳಗೆ. ಯಂತ್ರವೇ ಕೆಟ್ಟಿದೆಯೆಂದು ನಂಬಿ ಅವರು ಮತ್ತೆರಡು ಸಲ ಪ್ರಯತ್ನಿಸಿ, ಕೊನೆಗೆ ಅಂಗಡಿಯಿಂದಲೇ ನನಗೆ ಫೋನ್ ಮಾಡಿದರು. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದಾದ್ದರಿಂದ, ನಂಟರಿಷ್ಟರ ಬ್ಯಾಂಕಿನ ತಾಪತ್ರಯಗಳೆಲ್ಲ ಸಾಮಾನ್ಯವಾಗಿ ನನ್ನ ಮೇಜಿಗೇ ಬರುತ್ತವೆ.

ಮಧ್ಯಾಹ್ನ ಊಟದ ಹೊತ್ತಿಗೆ ಅವರು ಮನೆಗೆ ಬಂದರು. ಅವರ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ತೆರೆದು ನೋಡಿದಾಗ ಉಳಿದಿರುವ ಮಿತಿ ₹12,000 ಎಂದು ತೋರಿಸುತ್ತಿತ್ತು. ಹಾಗಾದರೆ ಉಳಿದ ₹1,38,000 ಎಲ್ಲಿಗೆ ಹೋಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯುತ್ತಾ ಹೋದೆ. ಚಿಕ್ಕಪ್ಪನ ಹೆಸರಿನ ಖಾತೆಯ ಮೇಲೆ ಅವರ ಮಗನಿಗೂ ಒಂದು ಆಡ್-ಆನ್ ಕಾರ್ಡು ಇತ್ತು. ಹುಡುಗ ಬೆಂಗಳೂರಿನಲ್ಲಿ ಓದು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದಾನೆ. ಕಾರ್ಡು ಕಾಲೇಜಿನ ಕಾಲದಲ್ಲಿ ಕೊಡಿಸಿದ್ದು.

ಮೊದಲ ಸಾಲು, ಆತ ತೆಗೆದುಕೊಂಡಿದ್ದ ₹72,000ರ ಲ್ಯಾಪ್‌ಟಾಪು. ಅದನ್ನು ಹನ್ನೆರಡು ತಿಂಗಳ ಇಎಂಐಗೆ ಹಾಕಲಾಗಿತ್ತು. ತಿಂಗಳಿಗೆ ₹6,500ರಷ್ಟು ಕಂತು. "ತಿಂಗಳಿಗೆ ಆರೂವರೆ ಸಾವಿರ ತಾನೇ, ಅದರಿಂದ ಮಿತಿ ಹೇಗೆ ತುಂಬುತ್ತದೆ?" ಎಂದು ಚಿಕ್ಕಪ್ಪ ಕೇಳಿದರು. ಬಹಳ ಜನ ತಪ್ಪು ತಿಳಿಯುವುದು ಇಲ್ಲಿಯೇ. ಖರೀದಿಯನ್ನು ಕಂತಿಗೆ ಬದಲಿಸಿದ ದಿನವೇ ಅದರ ಅಸಲು ಪೂರ್ತಿಯಾಗಿ ಮಿತಿಯಿಂದ ಕಟ್ಟಿಹಾಕಲ್ಪಡುತ್ತದೆ. ಪ್ರತಿ ಕಂತಿನಲ್ಲಿ ತೀರುವ ಅಸಲಿನಷ್ಟು ಮಾತ್ರ ತಿಂಗಳು ತಿಂಗಳೂ ಬಿಡುಗಡೆಯಾಗುತ್ತದೆ. ಮೊದಮೊದಲ ಕಂತುಗಳಲ್ಲಿ ಬಡ್ಡಿಯ ಪಾಲು ಹೆಚ್ಚಿರುವುದರಿಂದ, ಮೂರು ಕಂತು ಬಿಲ್ಲಿಗೆ ಬಂದಿದ್ದರೂ ಇನ್ನೂ ಸುಮಾರು ₹55,000 ಅಲ್ಲಿಯೇ ಸಿಕ್ಕಿಕೊಂಡಿತ್ತು. ಬಿಲ್ಲಿನಲ್ಲಿ ಕಾಣುವುದು ಆ ತಿಂಗಳ ಕಂತು ಮಾತ್ರವಾದ್ದರಿಂದ, ಬಿಲ್ಲನ್ನಷ್ಟೇ ನೋಡುವವರಿಗೆ ಈ ಮೊತ್ತ ಕಣ್ಣಿಗೇ ಬೀಳುವುದಿಲ್ಲ.

ಎರಡನೆಯದು, ಮೇ 12ರಂದು ಬಂದಿದ್ದ ಬಿಲ್ಲಿನ ₹22,300. ಅದನ್ನು ಕಟ್ಟಲು ಜೂನ್ 1ರವರೆಗೆ ಗಡುವಿತ್ತು, ಚಿಕ್ಕಪ್ಪ ಯಾವತ್ತೂ ಕೊನೆಯ ದಿನವೇ ಕಟ್ಟುವವರು. ಗಡುವು ಇದೆಯೆಂದ ಮಾತ್ರಕ್ಕೆ ಮಿತಿ ಬಿಡುಗಡೆಯಾಗಿದೆ ಎಂದಲ್ಲ. ಹಣ ಬ್ಯಾಂಕಿಗೆ ಜಮೆಯಾಗುವವರೆಗೂ ಅಷ್ಟು ಮೊತ್ತ ಬಳಕೆಯಾದದ್ದೇ. ಮೂರನೆಯದು, ಆ ಬಿಲ್ಲಿನ ನಂತರ ಚಿಕ್ಕಪ್ಪನೇ ಮಾಡಿದ ₹14,500ರ ಖರ್ಚು. ಉಳಿದ ₹46,200 ಮಗನ ಹೊಸ ಖರ್ಚು. ಅದರಲ್ಲಿ ₹38,400 ಒಂದೇ ಪ್ರವಾಸದ ಟಿಕೆಟು ಮತ್ತು ಹೋಟೆಲಿಗೆ ಹೋಗಿತ್ತು. ಎಲ್ಲವನ್ನೂ ಕೂಡಿದಾಗ ₹1,38,000 ಸರಿಯಾಗಿ ಹೊಂದಿತು.

ಆಡ್-ಆನ್ ಕಾರ್ಡಿಗೆ ತನ್ನದೇ ಆದ ಮಿತಿ ಎಂಬುದು ಇರುವುದಿಲ್ಲ, ಒಂದೇ ಬಾವಿಗೆ ಎರಡು ಹಗ್ಗ ಇಳಿಬಿಟ್ಟ ಹಾಗೆ. ಯಾರು ಮೊದಲು ಸೇದಿದರೆ ಅವರಿಗೆ ಸಿಗುತ್ತದೆ. ಖಾತೆ ಯಾರದೆಂಬ ಆಧಾರದ ಮೇಲೆ ಮುಖ್ಯ ಕಾರ್ಡುದಾರರಿಗೆ ಯಾವ ಆದ್ಯತೆಯೂ ಇಲ್ಲ. ಮಿತಿ ಮೀರಿದ ವ್ಯವಹಾರವನ್ನು ಬ್ಯಾಂಕು ಸುಮ್ಮನೆ ಒಪ್ಪಿಕೊಂಡು ದಂಡ ಹಾಕಬಹುದಿತ್ತಲ್ಲ ಎಂದರೆ, ಕಾರ್ಡುದಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಗೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ಕಾರ್ಡು ನಿರ್ದೇಶನಗಳು ಹೇಳುತ್ತವೆ. ಚಿಕ್ಕಪ್ಪ ಅಂಥ ಒಪ್ಪಿಗೆ ಕೊಟ್ಟಿರಲಿಲ್ಲ. ಅದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ.

ಪಂಪಿನ ಸಮಸ್ಯೆ ಬೇಗನೆ ಬಗೆಹರಿಯಿತು. ಮೇ ತಿಂಗಳ ಬಿಲ್ಲಿನ ₹22,300 ಅನ್ನು ಗಡುವಿಗೆ ಕಾಯದೆ ಅಲ್ಲಿಯೇ ಕುಳಿತು ಅವರ ಉಳಿತಾಯ ಖಾತೆಯಿಂದ ಕಟ್ಟಿಸಿದೆ. ಸ್ವಲ್ಪ ಹೊತ್ತಿನಲ್ಲಿ ಉಳಿದ ಮಿತಿ ₹34,300 ಎಂದಾಯಿತು. ಸಂಜೆ ಅದೇ ಅಂಗಡಿಯಲ್ಲಿ ಅದೇ ಕಾರ್ಡು ನಡೆಯಿತು. ಆದರೆ ಅಷ್ಟರೊಳಗೆ ಚಿಕ್ಕಪ್ಪನ ಸಿಟ್ಟು ಬೇರೆ ಕಡೆಗೆ ತಿರುಗಿತ್ತು.

"ಕಾರ್ಡಿನ ಮೇಲೆ ಅವನ ಹೆಸರಿದೆ, ಪಿನ್ ಅವನಿಗೆ ಮಾತ್ರ ಗೊತ್ತು, ಒಟಿಪಿ ಅವನ ಫೋನಿಗೆ ಹೋಗುತ್ತದೆ. ಅವನು ಕೊಂಡದ್ದಕ್ಕೆ ಬ್ಯಾಂಕಿನವರು ಅವನನ್ನು ಕೇಳಬೇಕಪ್ಪ, ನನ್ನನ್ನಲ್ಲ" ಎಂದರು. ನ್ಯಾಯವಾಗಿ ಕೇಳಿಸುವ ಮಾತೇ. ಆದರೆ ರಿಸರ್ವ್ ಬ್ಯಾಂಕಿನ ಅದೇ ನಿರ್ದೇಶನಗಳಲ್ಲಿ, ಮುಖ್ಯ ಕಾರ್ಡುದಾರರು ಗುರುತಿಸಿ ಹೇಳಿದ ವ್ಯಕ್ತಿಗಳಿಗೆ ಮಾತ್ರ ಆಡ್-ಆನ್ ಕಾರ್ಡು ಕೊಡಬೇಕು, ಅದರ ಹೊಣೆ ಮುಖ್ಯ ಕಾರ್ಡುದಾರರದೇ ಎಂಬ ಸ್ಪಷ್ಟ ತಿಳಿವಳಿಕೆಯ ಮೇಲೆ ಕೊಡಬೇಕು ಎಂದಿದೆ. ಬ್ಯಾಂಕು ಆದಾಯ ನೋಡಿದ್ದು ಚಿಕ್ಕಪ್ಪನದು, ಸಾಲ ಕೊಟ್ಟದ್ದೂ ಚಿಕ್ಕಪ್ಪನಿಗೆ. ಅದನ್ನು ಬಳಸಲು ಮಗನಿಗೆ ಅನುಮತಿ ಕೊಟ್ಟವರು ಚಿಕ್ಕಪ್ಪ. ಕೆಲವು ಬ್ಯಾಂಕುಗಳ ಒಪ್ಪಂದಪತ್ರದಲ್ಲಿ ಆಡ್-ಆನ್ ಕಾರ್ಡುದಾರರನ್ನೂ ಜಂಟಿ ಹೊಣೆಗಾರರೆಂದು ಸೇರಿಸಿರುತ್ತಾರೆ, ಆದ್ದರಿಂದ ಕಾರ್ಡಿನ ಜೊತೆ ಬರುವ ಸಣ್ಣ ಅಕ್ಷರದ ಪುಸ್ತಿಕೆಯನ್ನು ಓದಿಕೊಳ್ಳಬೇಕು. ಆದರೆ ಹಾಗಿದ್ದರೂ ಮುಖ್ಯ ಕಾರ್ಡುದಾರರ ಹೊಣೆ ಅದರಿಂದ ಒಂದು ರೂಪಾಯಿಯಷ್ಟೂ ಕಡಿಮೆಯಾಗುವುದಿಲ್ಲ.

ಹಾಗಾದರೆ ಇದು ತಾನು ಮಾಡದ ವ್ಯವಹಾರವೆಂದು ದೂರು ಕೊಟ್ಟರೆ ಹೇಗೆ ಎಂಬುದು ಅವರ ಮುಂದಿನ ಪ್ರಶ್ನೆ. ಅನಧಿಕೃತ ವ್ಯವಹಾರಗಳಲ್ಲಿ ಗ್ರಾಹಕರ ಹೊಣೆಯನ್ನು ಮಿತಗೊಳಿಸುವ ರಿಸರ್ವ್ ಬ್ಯಾಂಕಿನ ನಿಯಮ 2017ರಿಂದಲೂ ಇದೆ. ಅದರ ಉದ್ದೇಶ ಕಾರ್ಡಿನ ವಿವರ ಕದ್ದು ಮೂರನೆಯವರು ಮಾಡುವ ಮೋಸದಂಥ ಪ್ರಸಂಗ. ತಾವೇ ಹೆಸರು ಕೊಟ್ಟು ಮಾಡಿಸಿಕೊಟ್ಟ ಕಾರ್ಡಿನಿಂದ ಮಗ ತನ್ನದೇ ಪಿನ್ ಒತ್ತಿ ಮಾಡಿದ ಖರೀದಿ ಅನಧಿಕೃತವಾಗುವುದಿಲ್ಲ. ತಂದೆಗೆ ತಿಳಿಸದೆ ಮಾಡಿದ್ದು ಮನೆಯೊಳಗಿನ ವ್ಯಾಜ್ಯವೇ ಹೊರತು ಬ್ಯಾಂಕಿನ ವ್ಯಾಜ್ಯವಲ್ಲ.

"ಸರಿ, ನನ್ನ ಪಾಲು ನಾನು ಕಟ್ಟುತ್ತೇನೆ, ಅವನ ಪಾಲು ಅವನು ಕಟ್ಟಲಿ" ಎಂದು ಚಿಕ್ಕಪ್ಪ ಒಂದು ರಾಜಿ ಸೂತ್ರ ಮುಂದಿಟ್ಟರು. ಅವರ ಸ್ಟೇಟ್‌ಮೆಂಟಿನಲ್ಲಿ ಎರಡೂ ಕಾರ್ಡಿನ ಖರ್ಚು ಬೇರೆ ಬೇರೆ ತಲೆಬರಹದ ಕೆಳಗೆ ಅಚ್ಚಾಗುತ್ತಿದ್ದುದರಿಂದ ಆ ಯೋಚನೆ ಸಹಜವಾಗಿತ್ತು. ಆದರೆ ಪುಟದ ಮೇಲ್ಭಾಗದಲ್ಲಿರುವ ಒಟ್ಟು ಬಾಕಿ ಒಂದೇ, ಗಡುವೂ ಒಂದೇ. ಜೂನ್ 12ರ ಬಿಲ್ಲಿಗೆ ಬರಬೇಕಾದದ್ದನ್ನು ಮುಂಚಿತವಾಗಿಯೇ ಕೂಡಿ ತೋರಿಸಿದೆ: ಚಿಕ್ಕಪ್ಪನ ₹14,500, ಪಂಪಿನ ₹16,800, ಮಗನ ₹46,200, ಲ್ಯಾಪ್‌ಟಾಪಿನ ಕಂತು ₹6,500, ಒಟ್ಟು ₹84,000. ಇದರಲ್ಲಿ ಅವರು ತಮ್ಮ ಪಾಲೆಂದು ₹31,300 ಕಟ್ಟಿ, ಮಗ ಕಟ್ಟದೆ ಹೋದನೆಂದು ಇಟ್ಟುಕೊಳ್ಳೋಣ. ಬಿಲ್ಲಿನಲ್ಲಿ ಕಟ್ಟಲೇಬೇಕೆಂದು ಸೂಚಿಸುವ ಕನಿಷ್ಠ ಮೊತ್ತ ಸಂದಾಯವಾದದ್ದರಿಂದ ತಡಪಾವತಿಯ ದಂಡ ಬೀಳುವುದಿಲ್ಲ, ನಿಜ. ಆದರೆ ಉಳಿದ ₹52,700ಕ್ಕೆ ತಿಂಗಳಿಗೆ ಶೇಕಡಾ 3.5ರ ದರ ಹಿಡಿದರೂ ಸುಮಾರು ₹1,850 ಬಡ್ಡಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಬಡ್ಡಿಯ ಎಣಿಕೆಯೂ ಗಡುವಿನ ದಿನದಿಂದಲ್ಲ, ಖರೀದಿಸಿದ ದಿನದಿಂದ. ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗಳಿಗೆ ಸಿಗುವ ಬಡ್ಡಿರಹಿತ ಅವಧಿಯೂ ಇರುವುದಿಲ್ಲ. ಅಂದರೆ ಮುಂದಿನ ವಾರ ಚಿಕ್ಕಪ್ಪ ಕೊಳ್ಳುವ ಮೈಲುತುತ್ತಕ್ಕೂ ಮೊದಲ ದಿನದಿಂದಲೇ ಬಡ್ಡಿ. ಕನಿಷ್ಠ ಮೊತ್ತವೂ ಸಲ್ಲದೆ ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಆ ಸುಸ್ತಿ, ಜನರ ಸಾಲದ ಇತಿಹಾಸ ದಾಖಲಿಸುವ ಸಿಬಿಲ್‌ನಂಥ ಸಂಸ್ಥೆಗಳಿಗೆ ವರದಿಯಾಗುವುದು ಚಿಕ್ಕಪ್ಪನ ಹೆಸರಿನಲ್ಲಿ. ಬಾವಿಯ ಪಕ್ಕದ ಜಾಗಕ್ಕೆ ಸಾಲ ಕೇಳಬೇಕೆಂದಿದ್ದ ಅವರಿಗೆ ಈ ಕೊನೆಯ ವಿಷಯ ಬಡ್ಡಿಗಿಂತ ಹೆಚ್ಚು ನಾಟಿತು.

ಆಮೇಲೆ ಮಗನಿಗೆ ಫೋನ್ ಮಾಡಿದೆವು. ಆ ಪ್ರವಾಸಕ್ಕೆ ಹೋದವರು ನಾಲ್ವರು. ಬುಕಿಂಗ್ ಎಲ್ಲವನ್ನೂ ಇವನೇ ಕಾರ್ಡಿನಿಂದ ಮಾಡಿ, ಉಳಿದ ಮೂವರಿಂದ ತಲಾ ₹9,600 ಯುಪಿಐ ಮೂಲಕ ತನ್ನ ಖಾತೆಗೆ ಹಾಕಿಸಿಕೊಂಡಿದ್ದ. "ಅಣ್ಣ, ಎಲ್ಲರೂ ದುಡ್ಡು ಕೊಟ್ಟಿದಾರೆ, ನಾನೇನೂ ದುಂದು ಮಾಡಿಲ್ಲ" ಎಂದು ಅವನು ನನಗೆ ಹೇಳಿದ್ದು ಸುಳ್ಳೂ ಅಲ್ಲ. ಆದರೆ ₹28,800 ನಗದು ಮಗನ ಉಳಿತಾಯ ಖಾತೆಯಲ್ಲಿತ್ತು, ಅದರ ಸಾಲ ತಂದೆಯ ಕಾರ್ಡಿನ ಮೇಲಿತ್ತು, ಆ ಎರಡನ್ನೂ ಸೇರಿಸುವ ಕೊಂಡಿ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ಕಾರ್ಡಿಗೆ ಬರುವ ರಿವಾರ್ಡ್ ಅಂಕಗಳ ಆಸೆಗೆ ಗುಂಪಿನ ಖರ್ಚನ್ನೆಲ್ಲ ಒಬ್ಬನೇ ಹೊರುವ ಈ ರೂಢಿ ಹುಡುಗರಲ್ಲಿ ಈಗ ಸಾಮಾನ್ಯ. ಆಡ್-ಆನ್ ಕಾರ್ಡಿನಲ್ಲಿ ಹಾಗೆ ಮಾಡಿದಾಗ ಗೆಳೆಯರ ಸಾಲವನ್ನೂ ತಂದೆಯೇ ಹೊತ್ತಂತಾಗುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಅವನು ಆ ರಾತ್ರಿಯೇ ₹46,200 ಅನ್ನು ನೇರವಾಗಿ ಕಾರ್ಡು ಖಾತೆಗೆ ಜಮೆ ಮಾಡಿದ. ಬಿಲ್ಲು ಬರುವ ಮೊದಲೇ ಹೀಗೆ ಕಟ್ಟಬಹುದು, ಕಟ್ಟಿದಷ್ಟು ಮಿತಿ ತೆರೆದುಕೊಳ್ಳುತ್ತದೆ.

ಕಾರ್ಡನ್ನೇ ರದ್ದು ಮಾಡಿಸಬೇಕೆಂದು ಚಿಕ್ಕಪ್ಪ ಹೊರಟಿದ್ದರು. ರದ್ದು ಮಾಡಿದರೂ ಲ್ಯಾಪ್‌ಟಾಪಿನ ಉಳಿದ ಕಂತುಗಳು ಅವರ ಖಾತೆಯಲ್ಲೇ ಮುಂದುವರಿಯುತ್ತವೆ ಎಂದು ಹೇಳಿದ ಮೇಲೆ ಸುಮ್ಮನಾದರು. ಅದರ ಬದಲು ಆ್ಯಪಿನಲ್ಲಿ ಮಗನ ಕಾರ್ಡಿಗೆ ₹20,000ರ ಉಪಮಿತಿ ಹಾಕಿದೆವು, ವಿದೇಶಿ ವ್ಯವಹಾರವನ್ನು ಮುಚ್ಚಿದೆವು, ಅವನ ಪ್ರತಿ ಖರ್ಚಿನ ಸಂದೇಶ ಚಿಕ್ಕಪ್ಪನ ಫೋನಿಗೂ ಬರುವಂತೆ ಮಾಡಿದೆವು. ಉಪಮಿತಿಯ ಬಗ್ಗೆಯೂ ಒಂದು ಮಾತು ಹೇಳಬೇಕಾಯಿತು. ಅದು ಮಗನ ಖರ್ಚಿಗೆ ಹಾಕಿದ ಮೇಲ್ಚಾವಣಿ ಮಾತ್ರ, ಅವನಿಗಾಗಿ ಎತ್ತಿಟ್ಟ ಹಣವಲ್ಲ. ಚಿಕ್ಕಪ್ಪನೇ ಒಂದೂವರೆ ಲಕ್ಷವನ್ನೂ ಖರ್ಚು ಮಾಡಿಬಿಟ್ಟರೆ ಬೆಂಗಳೂರಿನಲ್ಲಿ ಮಗನ ಕಾರ್ಡು ಇಪ್ಪತ್ತು ರೂಪಾಯಿಗೂ ನಡೆಯುವುದಿಲ್ಲ.

ಹೊರಡುವಾಗ ಚಿಕ್ಕಪ್ಪ, ಚಿಕ್ಕಮ್ಮನ ಹೆಸರಿನಲ್ಲೂ ಒಂದು ಆಡ್-ಆನ್ ಕಾರ್ಡು ಮಾಡಿಸಿದರೆ ಆಸ್ಪತ್ರೆ ಖರ್ಚಿಗೆ ಅನುಕೂಲವಲ್ಲವೇ ಎಂದು ಕೇಳಿದರು. ತಮಗೇನಾದರೂ ಆದಾಗ ಅವಳ ಕೈಯಲ್ಲಿ ಏನಾದರೂ ಇರಲಿ ಎಂಬುದು ಅವರ ಲೆಕ್ಕ. ಮುಖ್ಯ ಕಾರ್ಡುದಾರರು ತೀರಿಕೊಂಡ ಸುದ್ದಿ ಬ್ಯಾಂಕಿಗೆ ತಿಳಿದೊಡನೆ ಖಾತೆಯ ಜೊತೆ ಆಡ್-ಆನ್ ಕಾರ್ಡುಗಳೂ ನಿಂತುಹೋಗುತ್ತವೆ ಎಂಬುದನ್ನು ಎದುರಿಗೇ ಕುಳಿತಿದ್ದ ಚಿಕ್ಕಮ್ಮನ ಮುಂದೆ ಹೇಳಲು ನನಗೆ ಸ್ವಲ್ಪ ಮುಜುಗರವಾಯಿತು, ಆದರೂ ಹೇಳಿದೆ. ಅದರ ಬದಲು ಚಿಕ್ಕಮ್ಮನ ಹೆಸರಿನಲ್ಲಿರುವ ನಿಶ್ಚಿತ ಠೇವಣಿಯ ಆಧಾರದ ಮೇಲೆ ಅವರಿಗೇ ಸ್ವಂತ ಕಾರ್ಡು ಪಡೆಯಬಹುದು, ಮಿತಿ ಠೇವಣಿಗಿಂತ ಸ್ವಲ್ಪ ಕಡಿಮೆಯಿರುತ್ತದೆ, ಹೊಣೆ ಮಾತ್ರ ಪೂರ್ತಿ ಅವರದೇ ಎಂದೆ. "ಹಾಗಾದರೆ ನಾನು ಎಷ್ಟು ಖರ್ಚು ಮಾಡಿದೆ ಅಂತ ಇವರ ಫೋನಿಗೆ ಸಂದೇಶ ಬರೋದಿಲ್ಲ ಅಲ್ಲವಾ?" ಎಂದು ಚಿಕ್ಕಮ್ಮ ಕೇಳಿದರು. ಬರುವುದಿಲ್ಲ ಎಂದಾಗ ಠೇವಣಿಯ ರಸೀದಿ ಯಾವ ಪೆಟ್ಟಿಗೆಯಲ್ಲಿದೆ ಎಂದು ಚಿಕ್ಕಪ್ಪನನ್ನು ವಿಚಾರಿಸತೊಡಗಿದರು.