ಒಂಬತ್ತು ತೊಂಬತ್ತುಗಳು ಮತ್ತು ಒಂದು ನೂರ ತೊಂಬತ್ತು

ಈ ವಾರದ ಸಭೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ನಮ್ಮ ಸರ್ವರ್ ಕಳೆದ ತಿಂಗಳು ಉತ್ತರಿಸಿದ ಎಲ್ಲ ಕೋರಿಕೆಗಳ ಸರಾಸರಿ ಸಮಯ 100 ಮಿಲಿಸೆಕೆಂಡ್, ಮಾನಕ ವಿಚಲನೆ 30. ಮೂಲ ದಾಖಲೆಗಳನ್ನು ಅಳಿಸಿಯಾಗಿತ್ತು. ಉಳಿದದ್ದು ಇವೆರಡೇ ಅಂಕಿಗಳು. ಆದರೂ ಅವರ ವರದಿಯಲ್ಲಿ, ಶೇ. 99.87ರಷ್ಟು ಉತ್ತರಗಳು 190 ಮಿಲಿಸೆಕೆಂಡಿನೊಳಗೆ ಬಂದಿವೆ ಎಂದು ಬರೆದಿತ್ತು.

"190 ಅಂದರೆ ಸರಾಸರಿಯಿಂದ ಮೂರು ಸಿಗ್ಮಾ, ಮೂರು ಮಾನಕ ವಿಚಲನೆಗಳಷ್ಟು ಆಚೆ. ಅಷ್ಟು ದೂರ ಎಷ್ಟು ಹೋಗುತ್ತವೆ ಹೇಳಿ?" ಎಂದರು.

"ಹತ್ತರಲ್ಲಿ ಒಂದು ಹೋಗಬಹುದು ಸಾರ್" ಎಂದೆ. ಅವರು ನಕ್ಕರು. ಶೇ. 99.87 ಎಂಬುದು ಸಾಮಾನ್ಯ ಹಂಚಿಕೆಯ ಗಂಟೆಯಾಕಾರದ ರೇಖೆಯಿಂದ ಬಂದ ಲೆಕ್ಕ. ಜಾಣರು, ಆದರೆ ಆ ರೇಖೆಯನ್ನು ಯಾರೂ ಕೊಡದಿದ್ದರೂ ಅದು ತಮ್ಮ ಕೈಯಲ್ಲಿದೆ ಎಂದು ನಂಬುವವರು.

ಹಲಗೆಯ ಮೇಲೆ ಒಂಬತ್ತು ಬಾರಿ 90, ಒಂದು ಬಾರಿ 190 ಎಂದು ಬರೆದೆ. ಮೊತ್ತ 1000, ಸರಾಸರಿ 100. ಒಂಬತ್ತು ಅಂಕಿಗಳು ಸರಾಸರಿಯಿಂದ 10 ಕೆಳಗಿವೆ, ಒಂದು 90 ಮೇಲಿದೆ. ವರ್ಗಗಳ ಮೊತ್ತ 900 ಮತ್ತು 8100 ಸೇರಿ 9000, ಹತ್ತರಿಂದ ಭಾಗಿಸಿದರೆ 900, ಅದರ ವರ್ಗಮೂಲ 30. ಅವರ ವರದಿಯ ಎರಡೂ ಅಂಕಿಗಳು ಹಾಗೆಯೇ ಇವೆ, ಆದರೆ 190 ಮುಟ್ಟಿದ್ದು ಶೇ. 10. ಅವರು ಎರಡು ಬಾರಿ ಕೂಡಿ ನೋಡಿದರು.

ಶೇ. 10ಕ್ಕಿಂತ ಹೆಚ್ಚಾಗುವುದೂ ಸಾಧ್ಯವಿಲ್ಲ ಎಂಬುದಕ್ಕೆ ಕಾಂಟೆಲ್ಲಿಯ ಅಸಮಾನತೆ ಇದೆ. ಪ್ರತಿ ಸಮಯದಿಂದ 90 ಕಳೆಯಿರಿ; ಉಳಿದದ್ದರ ಸರಾಸರಿ 10, ಅದರ ವರ್ಗದ ಸರಾಸರಿ 900 + 100 = 1000. ಮೂಲ ಸಮಯ 190 ಮುಟ್ಟಿದಾಗಲೆಲ್ಲ ಆ ವರ್ಗ ಕನಿಷ್ಠ 10000 ಆಗುತ್ತದೆ. ವರ್ಗ ಎಂದೂ ಋಣವಾಗದ ಕಾರಣ, ಸರಾಸರಿ ಕೇವಲ 1000 ಇರುವಲ್ಲಿ 10000 ಮುಟ್ಟುವವು ಹತ್ತನೇ ಒಂದು ಪಾಲನ್ನು ಮೀರಲಾರವು. 90ರ ಬದಲು 190ಕ್ಕಿಂತ ಕಡಿಮೆಯ ಬೇರೆ ಸಂಖ್ಯೆಯನ್ನು ಕಳೆದರೂ ಒಂದು ಮಿತಿ ಸಿಗುತ್ತದೆ, ಆದರೆ ಇಷ್ಟು ಬಿಗಿಯಾದದ್ದಲ್ಲ: ಸರಾಸರಿಯನ್ನೇ ಕಳೆದರೆ ಚೆಬಿಷೆವ್ ಅಸಮಾನತೆಯ ಒಂಬತ್ತನೇ ಒಂದು ಪಾಲು ಬರುತ್ತದೆ, ಅದು ಎರಡೂ ಬದಿಗಳನ್ನು ಸೇರಿಸಿ ಹೇಳುವ ಮಿತಿ. ಸಾಮಾನ್ಯವಾಗಿ k ಸಿಗ್ಮಾ ಮೇಲಕ್ಕೆ ಹೋಗುವವುಗಳ ಪಾಲು 1/(1+k²) ಅನ್ನು ಮೀರದು.

"ಹಾಗಾದರೆ ಶೇ. 10 ಎಂದೇ ಬರೆಯಲೇ?" ಎಂದು ಕೇಳಿದರು. ಅದೂ ತಪ್ಪು, ಅದು ಮಿತಿಯೇ ಹೊರತು ಅಂದಾಜಲ್ಲ, ನಿಜವಾದ ಪಾಲು ಸೊನ್ನೆಯೂ ಇರಬಹುದು. ಹಂಚಿಕೆಗೆ ಒಂದೇ ಶಿಖರವಿದೆ ಎಂದು ಗೊತ್ತಿದ್ದರೆ ಮಿತಿ ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಆದರೆ ನಮ್ಮಲ್ಲಿ ಕ್ಯಾಶ್‌ನಿಂದ ಸಿಗುವ ಉತ್ತರ ಒಂದು ವೇಗ, ಡಿಸ್ಕ್‌ನಿಂದ ಬರುವುದು ಇನ್ನೊಂದು. ಎರಡು ಶಿಖರಗಳಿರುವ ಸಂದೇಹವೇ ಹೆಚ್ಚು. ಹಲಗೆಯ ಮೇಲಿನ ಆ ಹತ್ತು ಅಂಕಿಗಳು ಅಂಥ ಸರ್ವರ್‌ನ ಚಿತ್ರದಂತೆಯೇ ಇದ್ದುದನ್ನು ನಾನು ಗಮನಿಸಿದ್ದು ಮನೆಗೆ ಹೋದ ಮೇಲೆ.

ವರದಿಯಲ್ಲಿ ಈಗ "ಕನಿಷ್ಠ ಶೇ. 90" ಎಂದಿದೆ. ಈ ತಿಂಗಳಿನಿಂದ 190 ಮುಟ್ಟಿದವುಗಳನ್ನು ಬೇರೆಯಾಗಿ ಎಣಿಸಿಡಲು ಅವರೇ ಹೇಳಿದ್ದಾರೆ. ಹಲಗೆಯನ್ನು ಮಾತ್ರ ಇನ್ನೂ ಯಾರೂ ಒರೆಸಿಲ್ಲ.