ಆ ಬೆಲೆ ಯಾವ ವರ್ಷದ್ದು?

ಮಂಗಳವಾರದಿಂದ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. "ಈ ಬೆಲೆ ಯಾವ ವರ್ಷದ್ದು?" ನನ್ನ ಶೀಟಿನ ಒಂದು ಸೆಲ್ ಮೇಲೆ ಬೆರಳಿಟ್ಟು ಮೇಡಂ ಕೇಳಿದ್ದು ಇಷ್ಟೇ.

ಒಂದು ಕಂಪನಿಯ ಷೇರಿಗೆ ಇವತ್ತು ಎಷ್ಟು ಬೆಲೆ ಅಂತ ಕಂಡುಹಿಡಿಯುವ ಲೆಕ್ಕ ಸರಳವಾಗಿತ್ತು. ಒಂದು ಷೇರಿಗೆ ಕಂಪನಿ ವರ್ಷಕ್ಕೆ ಹಂಚುವ ಲಾಭದ ಪಾಲು, ಅಂದರೆ ಡಿವಿಡೆಂಡ್, ಈಗ 10. ಮುಂದಿನ ನಾಲ್ಕು ವರ್ಷ ಶೇ. 20ರ ಬೆಳವಣಿಗೆ, ಆಮೇಲೆ ಶೇ. 5ರಂತೆ ನಿರಂತರ. ನಮಗೆ ಬೇಕಾದ ಪ್ರತಿಫಲ ಶೇ. 12. ಮೊದಲ ನಾಲ್ಕು ಡಿವಿಡೆಂಡ್‌ಗಳು 12, 14.4, 17.28, 20.74. ವರ್ಷಕ್ಕೆ ಶೇ. 12ರ ಲೆಕ್ಕದಲ್ಲಿ ಹಿಂದಕ್ಕೆ ತಂದರೆ ಅವುಗಳ ಇಂದಿನ ಮೌಲ್ಯ ಒಟ್ಟು 47.7. ಐದನೇ ವರ್ಷದ್ದು 21.77. ಅದನ್ನು 12ರಿಂದ 5 ಕಳೆದ ಶೇ. 7ರಿಂದ ಭಾಗಿಸಿದರೆ ಅಲ್ಲಿಂದ ಮುಂದಿನ ಎಲ್ಲ ಡಿವಿಡೆಂಡ್‌ಗಳ ಬೆಲೆ 311. ಇಲ್ಲಿಯವರೆಗೆ ಸರಿ. ಆದರೆ ಮೇಲೆ ಐದನೇ ವರ್ಷದ ಡಿವಿಡೆಂಡ್ ಇದೆಯಲ್ಲ ಅಂತ ನಾನು 311ನ್ನು ಐದು ವರ್ಷ ಹಿಂದಕ್ಕೆ ತಂದಿದ್ದೆ. ಅದಕ್ಕೆ 47.7 ಸೇರಿಸಿದಾಗ ಉತ್ತರ 224 ಬಂದಿತ್ತು.

"ಈ ಬೆಲೆ ಯಾವ ವರ್ಷದ್ದು?"

ಐದನೇ ವರ್ಷದ್ದು ಅಂದೆ. ಅವರು ಬೈಯಲಿಲ್ಲ. ಶೇ. 20ನ್ನು ಅಳಿಸಿ ಅಲ್ಲೂ ಶೇ. 5 ಹಾಕಿ ನೋಡಿ ಅಂದರು. ಎರಡೂ ಹಂತ ಒಂದೇ ವೇಗದಲ್ಲಿ ಬೆಳೆದರೆ ಹಂತಗಳೇ ಇಲ್ಲದಂತೆ ಅಲ್ವಾ? ಆಗ ಮುಂದಿನ ಡಿವಿಡೆಂಡ್ 10.5ನ್ನು ನೇರವಾಗಿ ಶೇ. 7ರಿಂದ ಭಾಗಿಸಿದರೆ 150 ಬರಬೇಕು. ನನ್ನ ಶೀಟು 137.6 ತೋರಿಸಿತು! ಆ ಸೂತ್ರ ಮುಂದಿನ ವರ್ಷದ ಡಿವಿಡೆಂಡ್ ತೆಗೆದುಕೊಂಡು ಈ ವರ್ಷದ ಬೆಲೆ ಕೊಡುತ್ತದೆ, ಹಾಗಾಗಿ 311 ನಾಲ್ಕನೇ ವರ್ಷದ ಕೊನೆಯ ಬೆಲೆ. ನಾಲ್ಕೇ ವರ್ಷ ಹಿಂದಕ್ಕೆ ತಂದೆ, 150 ಬಂತು. ಶೇ. 20 ಮತ್ತೆ ಹಾಕಿದರೆ 245.

ಪಕ್ಕದಲ್ಲಿದ್ದವರು "21 ತಾನೇ, ಬಿಡಿ" ಅಂದರು. ಅವರು ಯಾವಾಗಲೂ ಹಾಗೇ, ಉತ್ತರ ಹತ್ತಿರ ಬಂದರೆ ಸಾಕು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಅಂದಾಜು ತಪ್ಪುವುದು ಬೇರೆ, ವರ್ಷವನ್ನೇ ತಪ್ಪಾಗಿ ಎಣಿಸುವುದು ಬೇರೆ.

ಮನೆಗೆ ಬಂದ ಮೇಲೆ ಇನ್ನೊಂದು ವಿಷಯ ನಿದ್ದೆ ಕೆಡಿಸಿತು. 245ರಲ್ಲಿ ಸುಮಾರು 198 ಬಂದಿರುವುದು ಆ ಒಂದೇ ಸೆಲ್‌ನಿಂದ, ಅಂದರೆ ಶೇ. 80ಕ್ಕಿಂತ ಜಾಸ್ತಿ. ನಾಲ್ಕು ವರ್ಷದ ಶೇ. 20ರ ಬಗ್ಗೆ ನಾವು ಎರಡು ದಿನ ವಾದ ಮಾಡಿದ್ದೆವು, ಕೊನೆಯ ಶೇ. 5ನ್ನು ಮಾತ್ರ ಸುಮ್ನೆ ಬರೆದು ಬಿಟ್ಟಿದ್ದೆವು. ಅದನ್ನು ಶೇ. 6 ಮಾಡಿ ನೋಡಿದೆ. 245 ಇದ್ದದ್ದು 280 ಆಯಿತು. ಅಂದರೆ ನನ್ನ ತಪ್ಪಿನಿಂದ ಕಳೆದುಹೋದ 21ಕ್ಕಿಂತಲೂ ಜಾಸ್ತಿ, ಒಂದೇ ಒಂದು ಶೇಕಡಾದಿಂದ. ಈ ಕಂಪನಿ ಎಂದೆಂದಿಗೂ ಶೇ. 5ರಂತೆ ಬೆಳೆಯುತ್ತದೆ ಅಂತ ಯಾರು ಹೇಳಿದರು? ಯಾರೂ ಹೇಳಿರಲಿಲ್ಲ, ಹಳೆಯ ಶೀಟಿನಲ್ಲಿ ಇತ್ತು ಅಷ್ಟೇ.

ಮರುದಿನ ಅದನ್ನೇ ಮೇಡಂಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಶೀಟನ್ನೇ ನೋಡಿ, "ಇವತ್ತು ಅದನ್ನೇ ಮಾತಾಡೋಣ, ಕೂತ್ಕೊಳ್ಳಿ" ಅಂದರು.